ಮುರುಗಲು ತುಪ್ಪವೂ ಸಾಬೂನಿನ ಮೂಲವೂ

ಉಳವಿಯಿಂದ ಶಿರಸಿಯವರೆಗಿನ ಸೀಮೆಯಲ್ಲಿ ಮುರುಗಲು ಹಣ್ಣಿನ ಸಿಪ್ಪೆಯನ್ನು ಒಣಗಿಸಿಡುವ ಗೃಹಿಣಿಯರು ಬೀಜವನ್ನೂ ಎಸೆಯುವುದಿಲ್ಲ. ಒಣಗಿದ ಬೀಜವನ್ನು ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಜಿಡ್ಡನ್ನು ತೆಗೆದು ತಣಿಸಿದರೆ ಅದು ಬಿಳಿಯ ಮುದ್ದೆಯಾಗಿ ಗಟ್ಟಿಯಾಗುತ್ತದೆ. ಹಾಲಿನ ಸಂಬಂಧ ಎಳ್ಳಷ್ಟೂ ಇಲ್ಲದಿದ್ದರೂ ಜನ ಇದನ್ನು ಮುರುಗಲು ತುಪ್ಪವೆನ್ನುತ್ತಾರೆ. ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. ಬೀಜದಿಂದಲೇ ಬಂದ ಶೇಂಗಾ ಎಣ್ಣೆ ದ್ರವವಾಗಿಯೇ ಇರುವಾಗ ಇದು ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವವರೆಗೆ ಕರಗದಿರುವುದೇಕೆ?

ಎಣ್ಣೆಯೂ ಕೊಬ್ಬೂ ರಚನೆಯಲ್ಲಿ ಒಂದೇ ಜಾತಿಯವು. ಇವುಗಳ ಒಂದೊಂದು ಅಣುವೂ ಟ್ರೈಗ್ಲಿಸರೈಡ್. ಮೂರು ತಾಳಿನ ಕೂರಿಗೆಯನ್ನು ನೆನೆದುಕೊಂಡರೆ ಸಾಕು: ಮೇಲಿನ ದಿಂಡು ಗ್ಲಿಸರಿನ್, ಅದಕ್ಕೆ ಜೋಡಿಸಿದ ಮೂರು ಉದ್ದನೆಯ ತಾಳುಗಳು ಕೊಬ್ಬಿನಾಮ್ಲಗಳು. ಭೇದವೆಲ್ಲ ತಾಳುಗಳಲ್ಲಿದೆ. ಸ್ಟಿಯರಿಕ್ ಆಮ್ಲದಲ್ಲಿ 18 ಇಂಗಾಲದ ಪರಮಾಣುಗಳು ನೇರ ಸಾಲಿನಲ್ಲಿವೆ. ಅದು ಕರಗುವುದು ಸುಮಾರು 69 ಡಿಗ್ರಿಯಲ್ಲಿ. ಓಲಿಯಿಕ್ ಆಮ್ಲದಲ್ಲಿಯೂ 18 ಪರಮಾಣುಗಳೇ. ಆದರೆ ನಡುವೆ ಒಂದು ಕಡೆ ಎರಡು ಹೈಡ್ರೊಜನ್ ಕಡಿಮೆಯಾಗಿ ಜೋಡಿಬಂಧ ಏರ್ಪಟ್ಟಿದೆ. ಅಲ್ಲಿ ಸರಪಳಿ ಬಾಗುತ್ತದೆ. ಅಷ್ಟಕ್ಕೇ ಕರಗುವ ಬಿಂದು 13 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ! ನೇರ ಅಡಿಕೆ ದಬ್ಬೆಗಳ ಹೊರೆ ಬಿಗಿಯಾಗಿ ಕೂಡುತ್ತದೆ. ಡೊಂಕು ಸೌದೆಯ ಹೊರೆಯಲ್ಲಿ ಸಂದುಗಳೇ ಹೆಚ್ಚು. ಬಿಗಿಯಾಗಿ ಒತ್ತಿ ಕುಳಿತ ಅಣುಗಳನ್ನು ಬಿಡಿಸಲು ಹೆಚ್ಚಿನ ಶಾಖ ಬೇಕು, ಸಡಿಲವಾಗಿರುವುದಕ್ಕೆ ಅಲ್ಪವೇ ಸಾಕು.

ಶೇಂಗಾ ಎಣ್ಣೆಯಲ್ಲಿ ಬಾಗಿದ ಸರಪಳಿಗಳದೇ ಪ್ರಾಬಲ್ಯ. ಮುರುಗಲು ತುಪ್ಪದ ಬಹುಪಾಲು ಅಣುಗಳಲ್ಲಾದರೋ ಎರಡು ಅಂಚಿನಲ್ಲಿ ಸ್ಟಿಯರಿಕ್, ನಡುವೆ ಒಂದು ಓಲಿಯಿಕ್. ತೆಂಗಿನೆಣ್ಣೆ ಇಲ್ಲಿ ಒಂದು ಎಚ್ಚರಿಕೆ ಹೇಳುತ್ತದೆ. ಅದರ ಸರಪಳಿಗಳು ಹೆಚ್ಚಾಗಿ ನೇರವೇ, ಆದರೂ ಗಿಡ್ಡ. ಆದ್ದರಿಂದ ಅದು ಸುಮಾರು 25 ಡಿಗ್ರಿಯಲ್ಲೇ ಕರಗಿಬಿಡುತ್ತದೆ.

ದನದ ಕೊಬ್ಬೂ ಮುರುಗಲು ತುಪ್ಪದಂತೆ ಗಟ್ಟಿಯೇ. ಎಣ್ಣೆಯ ಜೋಡಿಬಂಧಗಳಿಗೆ ಹೈಡ್ರೊಜನ್ ತುಂಬಿಸಿ ಮಾಡುವ ವನಸ್ಪತಿಯೂ ಹಾಗೆಯೇ. ಕಲಬೆರಕೆ ಮಾಡುವವನಿಗೆ ಈ ಸಾಮ್ಯವೇ ಅನುಕೂಲ. 1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರೆಸಿದ ವಾರ್ತೆ ದೇಶದಲ್ಲೆಲ್ಲ ಕೋಲಾಹಲವೆಬ್ಬಿಸಿದ್ದನ್ನು ಹಿರಿಯ ವಾಚಕರು ಬಲ್ಲರು. ಪೂಜಾವಸ್ತ್ರ ಒಗೆಯಲು ಸಾಬೂನು ಕೊಳ್ಳುವ ಬಸದಿಯ ಟ್ರಸ್ಟಿಗೂ ಇದೇ ಪ್ರಶ್ನೆ ಎದುರಾಗುತ್ತದೆ: ಈ ಬಿಲ್ಲೆ ಯಾವ ಕೊಬ್ಬಿನದು?

ಸಾಬೂನು ಮನೆಯಲ್ಲೇ ಆಗುವ ಬಗೆಯನ್ನು ನೋಡಿದರೆ ಪ್ರಶ್ನೆಯ ತೊಡಕು ತಿಳಿಯುತ್ತದೆ. 700 ಗ್ರಾಂ ತೆಂಗಿನೆಣ್ಣೆಗೆ 128 ಗ್ರಾಂ, 300 ಗ್ರಾಂ ಮುರುಗಲು ತುಪ್ಪಕ್ಕೆ 40 ಗ್ರಾಂಗೆ ತುಸು ಹೆಚ್ಚು ಕಾಸ್ಟಿಕ್ ಸೋಡಾ ಬೇಕು. ಒಟ್ಟು 168 ಗ್ರಾಂ ಮೇಲಾಯಿತು. ಅದರಲ್ಲಿ ನೂರಕ್ಕೆ ಐದರಷ್ಟನ್ನು ಕಳೆದು 160 ಗ್ರಾಂ ತೆಗೆದುಕೊಂಡರೆ ಕ್ಷಾರ ಉಳಿಯುವ ಬದಲು ಕೊಂಚ ಜಿಡ್ಡು ಉಳಿಯುತ್ತದೆ. ಚರ್ಮಕ್ಕೆ ಅದೇ ಕ್ಷೇಮ. ಸೋಡಾವನ್ನು ಸುಮಾರು 350 ಗ್ರಾಂ ನೀರಿಗೆ ಮೆಲ್ಲಗೆ ಹಾಕಬೇಕೇ ಹೊರತು ನೀರನ್ನು ಸೋಡಾದ ಮೇಲೆ ಸುರಿಯಲಾಗದು. ಸುರಿದರೆ ಕುದಿದು ಸಿಡಿಯುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿಂದುಹಾಕುತ್ತದೆ, ಸ್ಟೀಲ್ ಆಗಬಹುದು.

ಎಣ್ಣೆಗೆ ಈ ದ್ರಾವಣ ಸೇರಿದಾಗ ಕ್ಷಾರವು ಕೂರಿಗೆಯ ಮೂರೂ ತಾಳುಗಳನ್ನು ಕಳಚುತ್ತದೆ. ದಿಂಡು ಗ್ಲಿಸರಿನ್ ಆಗಿ ಬೇರ್ಪಡುತ್ತದೆ. ಪ್ರತಿ ತಾಳೂ ಸೋಡಿಯಂ ಹಿಡಿದು ಸಾಬೂನಾಗುತ್ತದೆ. ಹೊಸಬರು ಎಡವುವುದು ಇಲ್ಲಿ. ಮಿಶ್ರಣವನ್ನು 45 ಡಿಗ್ರಿಯ ಆಸುಪಾಸಿನಲ್ಲಿ ಇಡದೆ ತಣ್ಣಗಾಗಿಸಿದರೆ ಮುರುಗಲು ತುಪ್ಪ ತಾನಾಗಿಯೇ ಹೆಪ್ಪುಗಟ್ಟುತ್ತದೆ. ಹಿಟ್ಟು ಗಟ್ಟಿಯಾದುದನ್ನು ಕಂಡು ಸಾಬೂನಾಯಿತೆಂದು ಅಚ್ಚಿಗೆ ಸುರಿಯುತ್ತಾರೆ. ಮರುದಿನ ಬಿಲ್ಲೆಯ ಅಡಿಯಲ್ಲಿ ಕ್ಷಾರದ ನೀರು ಒಸರಿರುತ್ತದೆ. ಸಂದೇಹ ಬಂದರೆ ಪಾತ್ರೆಯನ್ನು ತುಸು ಬಿಸಿಮಾಡಬೇಕು. ಮತ್ತೆ ತೆಳುವಾಗಿ ಎಣ್ಣೆ ಬೇರೆಯಾದರೆ ಕ್ರಿಯೆ ಆಗಿಲ್ಲವೆಂದೇ ಅರ್ಥ. ಸರಿಯಾದ ಬಿಲ್ಲೆಯೂ ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಒಣಗಬೇಕು.

ಒಮ್ಮೆ ಹೀಗೆ ಕಳಚಿದ ಮೇಲೆ ಮುರುಗಲಿನಿಂದ ಬಂದ ಸೋಡಿಯಂ ಸ್ಟಿಯರೇಟಿಗೂ ದನದ ಕೊಬ್ಬಿನಿಂದ ಬಂದದ್ದಕ್ಕೂ ಅಣುವಿನಲ್ಲಿ ಯಾವ ಭೇದವೂ ಇಲ್ಲ. ಹೊದಿಕೆಯ ಮೇಲಿನ ಟಿಎಫ್‌ಎಂ ಸಂಖ್ಯೆ ಕೊಬ್ಬಿನಾಮ್ಲ ಎಷ್ಟಿದೆಯೆಂದು ಹೇಳುತ್ತದೆ, ಎಲ್ಲಿಯದೆಂದು ಹೇಳದು. ಸೋಡಿಯಂ ಟ್ಯಾಲೋವೇಟ್ ಎಂದು ಮುದ್ರಿಸಿದ್ದರೆ ಅದು ಪ್ರಾಣಿಯ ಕೊಬ್ಬು. ಸೋಡಿಯಂ ಪಾಮೇಟ್ ಎಂದರೆ ತಾಳೆಯದು. ಬರಿಯ ಸ್ಟಿಯರೇಟ್ ಅಥವಾ ಗ್ಲಿಸರಿನ್ ಎಂದಿದ್ದರೆ ಎರಡೂ ಸಾಧ್ಯ. ಪ್ರಯೋಗಶಾಲೆಯವರು ಹುಡುಕುವುದು ಸಾಬೂನಾಗದೆ ಉಳಿದ ಅತ್ಯಲ್ಪ ಅಂಶವನ್ನು: ಪ್ರಾಣಿಯ ಕೊಬ್ಬಿನಲ್ಲಿ ಕೊಲೆಸ್ಟರಾಲ್ ಪ್ರಧಾನ, ಸಸ್ಯದಲ್ಲಿ ಬೇರೆ ಸ್ಟೆರಾಲ್‌ಗಳು. ಶುದ್ಧಗೊಳಿಸಿದ ಆಮ್ಲದಿಂದ ಬಿಲ್ಲೆ ಮಾಡಿದ್ದರೆ ಈ ಗುರುತೂ ಮಸುಕಾಗುತ್ತದೆ. ಆಗ ತಯಾರಕರ ಖರೀದಿ ದಾಖಲೆಯನ್ನೇ ಕೇಳಿ ಪಡೆಯಬೇಕಾಗುತ್ತದೆ.