ಐದು ಸಾಲು, ಆರು ಮೆಟ್ಟಿಲು

ಜರ್ಮನ್ ಭಾಷೆ ಕಲಿಯುವುದು ನನ್ನ ಸಂಜೆಯ ಹವ್ಯಾಸ. ತರಗತಿಯಿಲ್ಲ, ಮೇಷ್ಟರಿಲ್ಲ; ಪುಸ್ತಕ, ರೇಡಿಯೊ, ಮೊಬೈಲು ಇಷ್ಟೇ ಸಂಗಾತಿಗಳು. ಎಲ್ಲಿಯವರೆಗೆ ಬಂದಿದ್ದೇನೆ ಎಂದು ಹೇಳುವವರು ಇಲ್ಲದಿರುವುದರಿಂದ ಅದನ್ನು ನಾನೇ ಅಳೆದುಕೊಳ್ಳಬೇಕು. ಈಗೀಗ ಕಲಿಕೆಯಷ್ಟೇ ಈ ಅಳತೆಯ ಕೆಲಸವೂ ನನಗೆ ರುಚಿಸುತ್ತಿದೆ.

ಅಳತೆಗೋಲು ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ್ದು. ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಹಂತಗಳು ಭಾಷೆ ಕಲಿಯುವವರಿಗೆಲ್ಲ ಗೊತ್ತು. ಆದರೆ ನನಗೆ ಪ್ರಿಯವಾದದ್ದು ಅದರೊಳಗಿನ ಸ್ವಮೌಲ್ಯಮಾಪನದ ಕೋಷ್ಟಕ. ಅಡ್ಡಕ್ಕೆ ಆರು ಹಂತ, ಉದ್ದಕ್ಕೆ ಐದು ಸಾಲು: ಕೇಳುವುದು, ಓದುವುದು, ಮಾತುಕತೆ ನಡೆಸುವುದು, ಒಬ್ಬರೇ ಒಂದು ವಿಷಯ ಹೇಳುವುದು, ಬರೆಯುವುದು. ಪ್ರತಿ ಚೌಕದಲ್ಲೂ 'ನನಗೆ ಇಷ್ಟು ಮಾಡಲು ಬರುತ್ತದೆ' ಎಂಬ ಧಾಟಿಯ ಒಂದೆರಡು ವಾಕ್ಯ. ಇಂಥ ವಾಕ್ಯಗಳನ್ನು ಸ್ವಿಟ್ಜರ್‌ಲೆಂಡಿನಲ್ಲಿ 1990ರ ದಶಕದಲ್ಲಿ ಭಾಷಾ ಶಿಕ್ಷಕರ ಕೈಯಲ್ಲಿ ವಿಂಗಡಿಸಿ, ಪರೀಕ್ಷಿಸಿ ಸಾಲಾಗಿ ಜೋಡಿಸಿದ್ದರು.

ಐದು ಸಾಲಿಗೂ ಒಂದೇ ಹಂತ ಬರಬೇಕೆಂದಿಲ್ಲ. ಬೆಂಗಳೂರಿನಲ್ಲಿ ಬೆಳೆದ ಎಷ್ಟೋ ಮಂದಿಗೆ ತಮಿಳು, ತೆಲುಗು ಸಲೀಸಾಗಿ ಅರ್ಥವಾಗುತ್ತವೆ, ಅಕ್ಷರ ಮಾತ್ರ ಒಂದೂ ಗೊತ್ತಿರುವುದಿಲ್ಲ. ಕೇಳುವ ಸಾಲಿನಲ್ಲಿ ಅವರು ಬಿ1 ದಾಟಿದ್ದರೂ ಓದುವ ಸಾಲಿನಲ್ಲಿ ಎ1 ಕೂಡ ಇಲ್ಲ. ಪುಸ್ತಕದಿಂದ ಜರ್ಮನ್ ಕಲಿತ ನನ್ನದು ಇದರ ತಿರುಗುಮುರುಗು. ಹಾಗಾಗಿ 'ನಿಮ್ಮದು ಯಾವ ಹಂತ?' ಎಂದು ಕೇಳಿದರೆ ನಾನು ಐದು ಉತ್ತರ ಕೊಡುತ್ತೇನೆ.

ಕೇಳುವ ಸಾಲನ್ನು ಹೇಗೆ ತುಂಬುತ್ತೇನೆ ಎಂದು ಹೇಳಿದರೆ ನನ್ನ ಕ್ರಮ ತಿಳಿದೀತು. ಪರಿಚಿತ ವಿಷಯವನ್ನು ನಿಧಾನವಾಗಿ, ಸ್ಪಷ್ಟವಾಗಿ ಹೇಳಿದಾಗ ಮುಖ್ಯಾಂಶ ಹಿಡಿಯುವುದು ಬಿ1. ಟಿವಿಯ ವಾರ್ತೆಗಳಲ್ಲಿ ಹೆಚ್ಚಿನವು ಅರ್ಥವಾಗುವುದು ಬಿ2. ಡಾಯ್ಚ ವೆಲೆ ಸಂಸ್ಥೆ ಕಲಿಯುವವರಿಗೆಂದೇ ನಿಧಾನವಾಗಿ ಓದಿದ ವಾರ್ತೆಗಳನ್ನು ಕೊಡುತ್ತದೆ. ಅದು ನನಗೆ ತಿಳಿಯುತ್ತದೆ. ಹಾಗಾದರೆ ಜರ್ಮನರೇ ರಾತ್ರಿ ಎಂಟಕ್ಕೆ ನೋಡುವ ಕಾಲು ಗಂಟೆಯ 'ಟಾಗೆಸ್‌ಶಾವ್' ವಾರ್ತೆ? ಅದನ್ನು ಒಂದೇ ಸಲ, ಪರದೆಗೆ ಬೆನ್ನು ಹಾಕಿ ಕೇಳುತ್ತೇನೆ. ಚಿತ್ರ ಕಂಡರೆ ಕಿವಿಯ ಕೆಲಸವನ್ನು ಕಣ್ಣು ಮಾಡಿಬಿಡುತ್ತದೆ. ಪ್ರತಿ ಸುದ್ದಿಗೂ ಯಾರು, ಏನು, ಯಾಕೆ ಎಂದು ಕನ್ನಡದಲ್ಲಿ ಒಂದು ಸಾಲು ಗೀಚಿಕೊಳ್ಳುತ್ತೇನೆ. ಆಮೇಲೆ ಉಪಶೀರ್ಷಿಕೆ ಹಾಕಿ ತಾಳೆ ನೋಡುತ್ತೇನೆ.

ಒಂದು ಸಂಜೆ ಆರೋಗ್ಯ ವಿಮೆಯ ಸುದ್ದಿ ಬಂತು. 'ಕ್ರಾಂಕೆನ್‌ಕಾಸ್ಸೆ', ಅಂದರೆ ವಿಮಾ ನಿಧಿ, ಕಿವಿಗೆ ಬಿತ್ತು. ವಂತಿಗೆಯ ಮಾತೂ ಬಿತ್ತು. ಆದರೆ ವಂತಿಗೆ ಏರುತ್ತಿದೆಯೋ, ಏರಿಸುವ ಪ್ರಸ್ತಾವವನ್ನು ಕೈಬಿಟ್ಟಿದ್ದಾರೋ ಹಾಳೆಯಲ್ಲಿ ಬರೆಯಲಾಗಲಿಲ್ಲ. ವಿಷಯ ಗುರುತು ಹತ್ತುವುದೇ ಬೇರೆ, ಸುದ್ದಿ ತಿಳಿಯುವುದೇ ಬೇರೆ. ಉಪಶೀರ್ಷಿಕೆ ಕಂಡ ಕೂಡಲೇ 'ಇದು ನನಗೆ ಗೊತ್ತಿತ್ತಲ್ಲ' ಅನ್ನಿಸುತ್ತದೆ. ಆ ಅನಿಸಿಕೆಗೆ ಅಂಕವಿಲ್ಲ, ಕೇಳುವಾಗ ಬರೆದದ್ದಕ್ಕೆ ಮಾತ್ರ. ಹವಾಮಾನ, ಕ್ರೀಡೆ ಬಿಟ್ಟು ಉಳಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲು ಖಾಲಿ ಉಳಿದರೆ ಬಿ1 ಎಂದೇ ಬರೆಯುತ್ತೇನೆ. ಒಂದು ದಿನದ ಅದೃಷ್ಟವನ್ನೂ ನಂಬುವುದಿಲ್ಲ. ಬೇರೆ ದಿನ ಬೇರೆ ಸುದ್ದಿಗಳಲ್ಲೂ ಅದೇ ಫಲ ಬರಬೇಕು.

ಒಬ್ಬರೇ ಹೇಳುವ ಸಾಲಿಗೆ ಚೀಟಿ ಎತ್ತಿ, ಬಂದ ವಿಷಯದ ಮೇಲೆ ಸಿದ್ಧತೆಯಿಲ್ಲದೆ ಎರಡು ನಿಮಿಷ ಮಾತಾಡಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತೇನೆ. ಸರಳ ವಾಕ್ಯಗಳು ಬಿಡಿಬಿಡಿಯಾಗಿ ಸಾಲುಗಟ್ಟಿದ್ದರೆ ಎ2. ನಡೆದದ್ದನ್ನು ಒಂದಕ್ಕೊಂದು ಹೆಣೆದು, ಅಭಿಪ್ರಾಯಕ್ಕೆ ಚುಟುಕಾಗಿ ಕಾರಣವನ್ನೂ ಕೊಟ್ಟಿದ್ದರೆ ಬಿ1. ಬಾಯಿಪಾಠದ ಸ್ವಪರಿಚಯ ಲೆಕ್ಕಕ್ಕಿಲ್ಲ: ಅದು ಎಷ್ಟೇ ನಿರರ್ಗಳವಾಗಿದ್ದರೂ ಹೊಸ ವಿಷಯಕ್ಕೆ ಒದಗುವುದಿಲ್ಲ.

ಮಾತುಕತೆಯ ಸಾಲನ್ನು ಮಾತ್ರ ಒಬ್ಬರೇ ಕೂತು ತುಂಬಲಾಗದು. ನನ್ನ ಉಚ್ಚಾರ ನನ್ನ ಕಿವಿಗೆ ಸರಿಯಾಗಿಯೇ ಕೇಳಿಸುತ್ತದೆ. ಎದುರಿನವರಿಗೆ ತಿಳಿಯಿತೇ ಎಂಬುದನ್ನು ಅವರೇ ಹೇಳಬೇಕು. ಇಲ್ಲಿ ಎ2ರ ವಿವರಣೆಯಲ್ಲೇ ಬಹಳ ನಿಖರವಾದ ಗುರುತಿದೆ: ಚಿಕ್ಕ ವಿನಿಮಯ ಸಾಧ್ಯ, ಆದರೆ ಸಂಭಾಷಣೆಯನ್ನು ನಾನೇ ಮುಂದುವರಿಸುವಷ್ಟು ಸಾಮಾನ್ಯವಾಗಿ ಅರ್ಥವಾಗುವುದಿಲ್ಲ. ಆದ್ದರಿಂದ ನನ್ನ ಪರಿಚಯವಿಲ್ಲದ ಜರ್ಮನ್ ಭಾಷಿಕರೊಬ್ಬರೊಡನೆ ಮಾತಾಡುವಾಗ ನಾನು ನೋಡಿಕೊಳ್ಳುವುದು ವ್ಯಾಕರಣವನ್ನಲ್ಲ, ಮುಂದಿನ ಪ್ರಶ್ನೆ ಯಾರಿಂದ ಬಂತು ಎಂಬುದನ್ನು. ಅವರು ನಿಧಾನಿಸಿ, ಮತ್ತೆ ಹೇಳಿ, ತಾವೇ ಪ್ರಶ್ನೆ ಕೇಳುತ್ತ ಮಾತನ್ನು ಎಳೆದುಕೊಂಡು ಹೋದರೆ ಆ ಸಾಲಿಗೆ ಎ2. ಅವರ ಮಾತಿನ ಎಳೆ ಹಿಡಿದು ನಾನೂ ಪ್ರಶ್ನೆ ಕೇಳತೊಡಗಿದ ದಿನ ಬಿ1 ಎಂದು ಬರೆಯುತ್ತೇನೆ, ಪೆನ್ಸಿಲ್‌ನಲ್ಲಿ. ಇನ್ನೊಬ್ಬ ಅಪರಿಚಿತರೊಡನೆಯೂ ಹಾಗೆಯೇ ಆದಮೇಲೆ ಶಾಯಿಯಲ್ಲಿ.