ಗಾಜಿಗಂಟಿದ ಅಜ್ಜ

ಪ್ರೀತಿಯ ಮಾಮಾ,

ಅಜ್ಜನ ಫೋಟೋವನ್ನು ಫ್ರೇಮಿನಿಂದ ಬಿಡಿಸಿ ಸ್ಟುಡಿಯೋಗೆ ಕೊಡುತ್ತೇನೆ ಎಂದು ನೀವು ಹೇಳಿದ್ದನ್ನು ಉಮ್ಮ ತಿಳಿಸಿದರು. ದಯವಿಟ್ಟು ಬಿಡಿಸಬೇಡಿ. ಹಾಗೆ ಮಾಡಲು ಹೋಗಿ ನಾವು ಉಮ್ಮನ ಮದುವೆಯ ಫೋಟೋ ಕಳೆದುಕೊಂಡಿದ್ದೇವೆ. ಹಳೆಯ ಫೋಟೋದ ಮೇಲ್ಪದರ ಜಿಲೆಟಿನ್. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಅದು ಮೆತ್ತಗಾಗಿ ಗಾಜಿಗೆ ಅಂಟಿಬಿಡುತ್ತದೆ. ನಾವು ಎಳೆದಾಗ ಕಾಗದ ಕೈಗೆ ಬಂತು, ಮುಖ ಗಾಜಿನಲ್ಲೇ ಉಳಿಯಿತು.

ಗಾಜಿನ ಮೇಲಿಂದಲೇ ತೆಗೆಯುವ ದಾರಿಯಿದೆ. ನಿಮ್ಮ ಮೊಬೈಲಿನಲ್ಲಿ PhotoScan ಎಂದು ಹುಡುಕಿ. ಗೂಗಲ್ 2016ರಲ್ಲಿ ತಂದ ಉಚಿತ ಆ್ಯಪ್ ಅದು. ಫ್ರೇಮನ್ನು ಗೋಡೆಯಿಂದ ಇಳಿಸಿ, ಗಾಜು ಒರೆಸಿ, ಮೇಜಿನ ಮೇಲೆ ಮಲಗಿಸಿ. ಮೊದಲ ಚಿತ್ರ ತೆಗೆದ ಮೇಲೆ ಪರದೆಯಲ್ಲಿ ನಾಲ್ಕು ಚುಕ್ಕಿಗಳು ಕಾಣುತ್ತವೆ. ಮೊಬೈಲನ್ನು ಓರೆ ಮಾಡದೆ, ಮೆಲ್ಲಗೆ ಸರಿಸುತ್ತಾ ನಡುವಿನ ವೃತ್ತವನ್ನು ಒಂದೊಂದೇ ಚುಕ್ಕಿಯ ಮೇಲೆ ತನ್ನಿ. ಮೊಬೈಲು ಸರಿದಂತೆ ಗಾಜಿನ ಹೊಳಪೂ ಜಾಗ ಬದಲಿಸುತ್ತದಲ್ಲ, ಒಂದು ಚಿತ್ರದಲ್ಲಿ ಹೊಳಪಿನಡಿ ಮುಚ್ಚಿಹೋದ ಭಾಗ ಇನ್ನೊಂದರಲ್ಲಿ ತೆರೆದಿರುತ್ತದೆ. ಆ್ಯಪ್ ಅವುಗಳನ್ನು ಜೋಡಿಸಿ ಹೊಳಪಿಲ್ಲದ ಒಂದೇ ಚಿತ್ರ ಮಾಡುತ್ತದೆ.

ಆದರೆ ದೊಡ್ಡ ಕಿಟಕಿಯ ಬಿಂಬ ಗಾಜಿನ ಅರ್ಧ ಭಾಗವನ್ನೇ ಆವರಿಸಿದ್ದರೆ ಅದು ಎಲ್ಲ ಚಿತ್ರಗಳಲ್ಲೂ ಉಳಿಯುತ್ತದೆ. ಆದ್ದರಿಂದ ಚಾವಡಿಯಲ್ಲಿ ಬೇಡ, ಒಳಕೋಣೆಯಲ್ಲಿ ತೆಗೆಯಿರಿ. ಮುಗಿದ ಮೇಲೆ ಅಜ್ಜನ ಮುಖವನ್ನು ದೊಡ್ಡದು ಮಾಡಿ ನೋಡಿ. ಕನ್ನಡಕದ ಅಂಚು ಎರಡೆರಡಾಗಿ ಕಂಡರೆ ಚಿತ್ರಗಳು ಸರಿಯಾಗಿ ಕೂಡಿಲ್ಲ ಎಂದರ್ಥ, ಮತ್ತೆ ತೆಗೆಯಬೇಕು. ಮುದುರಿದ ಬಿಡಿ ಫೋಟೋಗಳಲ್ಲೂ ಇದೇ ತೊಂದರೆ.

ಅಜ್ಜಿಯದ್ದು ಮಾತ್ರ ಬೇರೆ ವಿಷಯ. ಜೀವಮಾನದಲ್ಲಿ ಅವರು ಕ್ಯಾಮರಾದ ಮುಂದೆ ಕುಳಿತದ್ದು ಒಮ್ಮೆ, ಹಜ್ಜಿನ ಪಾಸ್‌ಪೋರ್ಟಿಗಾಗಿ. ಬೆರಳೆರಡರ ಅಗಲದ ಆ ಫೋಟೋಗೆ ಈ ಆ್ಯಪ್ ಸಾಲದು. ಅಷ್ಟು ಹತ್ತಿರಕ್ಕೆ ಹಿಡಿದರೆ ಮೊಬೈಲಿಗೆ ಚಿತ್ರ ಸ್ಪಷ್ಟವಾಗಿ ಸಿಗುವುದಿಲ್ಲ, ದೂರ ಹಿಡಿದರೆ ಮುಖದ ವಿವರ ಬರುವುದಿಲ್ಲ. ಅದನ್ನು ಸ್ಟುಡಿಯೋದ ಸ್ಕ್ಯಾನರಿನಲ್ಲಿ 1200 ಡಿಪಿಐಗೆ ಇಟ್ಟು ಮಾಡಿಸಿ. ಅವರ ಕೈಯಲ್ಲಿ ಬಿಟ್ಟು ಬರಬೇಡಿ, ಎದುರಿಗೇ ನಿಂತು ಮಾಡಿಸಿಕೊಂಡು ಬನ್ನಿ.

ಕಳುಹಿಸುವಾಗ ವಾಟ್ಸಾಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಕುಗ್ಗಿಬಿಡುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಿ. ಇನ್ನೊಂದು ಮಾತು. ಸ್ಕ್ಯಾನ್ ಆದ ಚಿತ್ರಕ್ಕೆ ಮೊಬೈಲು ಇವತ್ತಿನ ತಾರೀಕು ಹಾಕುತ್ತದೆ. ಅಜ್ಜನ ಫೋಟೋ ಯಾವ ವರ್ಷದ್ದು, ಅವರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತ ಹುಡುಗ ಯಾರು ಎಂದು ಜೊತೆಗೇ ಬರೆಯಿರಿ. ಉಮ್ಮನಿಗೆ ನೆನಪಿಲ್ಲವಂತೆ. ನೀವೇ ಇರಬೇಕೆಂದು ನಮ್ಮೆಲ್ಲರ ಅನುಮಾನ.

ಇತಿ ನಿಮ್ಮ ಅಳಿಯ