ಮೂರನೇ ಚುಕ್ಕಿ ಎಲ್ಲಿ?

ಲೇಸರ್ ಮತ್ತು ಗ್ರೇಟಿಂಗ್ ಪ್ರಯೋಗವನ್ನ ನಾವೆಲ್ಲ ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬಿನಲ್ಲಿ ಮಾಡಿದ್ದೇವೆ. ಕೊನೆಗೆ ಒಂದು ಸಾಲು ಬರೆಯೋದಿರುತ್ತೆ: ಕಾಣಬಹುದಾದ ಅತಿ ಹೆಚ್ಚಿನ ಆರ್ಡರ್ ಎಷ್ಟು? ಫಾರ್ಮುಲಾಗೆ ಹಾಕಿ 3 ಅಂತ ಬರೆದು ಸೈನ್ ಹಾಕಿಸಿಕೊಂಡು ಬಂದೆವು. ಗೋಡೆ ಮೇಲೆ ಕಂಡಿದ್ದು ಮಾತ್ರ ಎರಡೇ.

ಈ ಸಲ ಮಳೆಗಾಲದ ರಜೆಗೆ ಆಲೂರಿಗೆ ಹೋದಾಗ ನನ್ನ ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಗ್ರೇಟಿಂಗ್ ಹಾಳೆ ಇತ್ತು. ಮಿಲಿಮೀಟರಿಗೆ 500 ಗೆರೆ. ಅಂದ್ರೆ ಎರಡು ಗೆರೆಗಳ ನಡುವಿನ ದೂರ d = 2000 ನ್ಯಾನೋಮೀಟರ್. ಮಳೆ ಮೋಡಕ್ಕೆ ಮಧ್ಯಾಹ್ನವೇ ಹಾಲ್ ಕತ್ತಲಾಗಿತ್ತು, ಕರೆಂಟೂ ಹೋಗಿತ್ತು. ಚಿಕ್ಕಪ್ಪನ ಮಗಳು ಪಿಯುಸಿ, ಕನ್ನಡ ಮೀಡಿಯಂನಲ್ಲಿ ಓದಿದವಳು. ನಾನು ವೇವ್‌ಲೆಂತ್ ಅಂದರೆ ಅವಳು ತರಂಗದೂರ ಅಂತಾಳೆ. ಅವಳನ್ನೇ ಟೇಪ್ ಹಿಡಿಯೋಕೆ ನಿಲ್ಲಿಸಿದೆ. ಲೇಸರ್ ಕಣ್ಣಿಗೆ ಬೀಳಬಾರದು ಅಂತ ಎದುರಿದ್ದ ಸ್ಟೀಲ್ ಪಾತ್ರೆಗಳನ್ನ ಮೊದಲು ಎತ್ತಿಟ್ಟೆವು.

ಗೋಡೆಯಿಂದ ಸರಿಯಾಗಿ 1 ಮೀಟರ್ ದೂರಕ್ಕೆ ಗ್ರೇಟಿಂಗ್, ಅದರ ಹಿಂದೆ ಕೆಂಪು ಲೇಸರ್. ನಡುವೆ ಒಂದು ಚುಕ್ಕಿ, ಅದರ ಎಡಕ್ಕೆ ಎರಡು, ಬಲಕ್ಕೆ ಎರಡು. ಎಡ ಬಲದ ಮೊದಲ ಚುಕ್ಕಿಗಳ ನಡುವೆ 68.8 ಸೆಂ.ಮೀ. ಬಂತು, ಅರ್ಧ ಮಾಡಿದರೆ 34.4. ಅಂದರೆ tanθ = 0.344, ಕೋನ ಸುಮಾರು 19 ಡಿಗ್ರಿ, sinθ = 0.325. ಇನ್ನು d sinθ = mλ ಸೂತ್ರದಲ್ಲಿ m = 1 ಹಾಕಿದರೆ ತರಂಗದೂರ 650 ನ್ಯಾನೋಮೀಟರ್. ಎರಡನೇ ಚುಕ್ಕಿಗಳಿಗೆ 171 ಸೆಂ.ಮೀ. ಬಂತು, ಲೆಕ್ಕ ಮಾಡಿದರೆ ಅದೂ 650.

ಅಲ್ಲಿಗೆ ನನಗೆ ಕೆಲಸ ಮುಗೀತು. ಅವಳಿಗೆ ಮುಗಿದಿರಲಿಲ್ಲ. "ಅಕ್ಕ, ಎರಡು ಸಾವಿರವನ್ನ ಆರುನೂರೈವತ್ತರಿಂದ ಭಾಗಿಸಿದರೆ ಮೂರು ಬರುತ್ತಲ್ಲ. ಮೂರನೇ ಚುಕ್ಕಿ ಎಲ್ಲಿ?"

ಸರಿಯಾಗಿ 3.08 ಬರುತ್ತೆ. sinθ ಒಂದನ್ನ ದಾಟೋ ಹಾಗಿಲ್ಲ, ಆದ್ದರಿಂದ ನಾಲ್ಕನೇದು ಹುಟ್ಟೋದೇ ಇಲ್ಲ. ಮೂರನೇದಕ್ಕೆ sinθ = 0.975, ಕೋನ 77 ಡಿಗ್ರಿ. ಆ ಕೋನದ tan ಸುಮಾರು 4.4. ಅಂದರೆ 1 ಮೀಟರ್ ದೂರದ ಗೋಡೆ ಮೇಲೆ ಅದು ಬೀಳಬೇಕಾದ್ದು ನಡುವಿನ ಚುಕ್ಕಿಯಿಂದ 4.4 ಮೀಟರ್ ಆಚೆ! ನಮ್ಮ ಹಾಲಿನ ಇಡೀ ಗೋಡೆಯೇ ಅಷ್ಟು ಉದ್ದ ಇಲ್ಲ. ಬೆಳಕು ಇದೆ, ಗೋಡೆ ಮುಗಿದುಹೋಗಿದೆ.

ಹಾಗಾದ್ರೆ ಗೋಡೆಗೆ ಹತ್ತಿರ ಹೋಗೋಣ ಅಂತ ಗ್ರೇಟಿಂಗನ್ನ 10 ಸೆಂ.ಮೀ.ಗೆ ತಂದೆವು. ಈಗ ಅದು 44 ಸೆಂ.ಮೀ. ಆಸುಪಾಸಿನಲ್ಲಿ ಸಿಗಬೇಕು. ಬಲಗಡೆ ಸಿಕ್ಕಿತು, ಮಂಕಾಗಿ, ಉದ್ದಕ್ಕೆ ಎಳೆದ ಹಾಗೆ. ಎಡಗಡೆ ಏನೂ ಇಲ್ಲ.

ಇದಕ್ಕೆ ಕಾರಣ ವಾಲಿಕೆ. d sinθ = mλ ಸೂತ್ರ ನಡೆಯೋದು ಬೆಳಕು ಗ್ರೇಟಿಂಗಿಗೆ ನೇರವಾಗಿ, ಲಂಬವಾಗಿ ಬಿದ್ದಾಗ ಮಾತ್ರ. ಅದು 2 ಡಿಗ್ರಿ ವಾಲಿದರೆ ಒಂದು ಕಡೆಯ sinθಗೆ 0.035 ಸೇರುತ್ತೆ, ಇನ್ನೊಂದು ಕಡೆ ಅಷ್ಟೇ ಕಳೆಯುತ್ತೆ. ಮೊದಲ ಚುಕ್ಕಿಗೆ ಇದು ಗೊತ್ತೇ ಆಗಲ್ಲ: 1 ಮೀಟರ್ ದೂರದಲ್ಲಿ ಎಡ ಬಲಕ್ಕೆ ಅರ್ಧ ಸೆಂ.ಮೀ. ವ್ಯತ್ಯಾಸ, ಅಷ್ಟೆ. ಎರಡನೇದರಲ್ಲಿ ಅದು ಸುಮಾರು 4 ಸೆಂ.ಮೀ. ಆಗುತ್ತೆ. ಮೂರನೇದರಲ್ಲಿ 0.975ಕ್ಕೆ 0.035 ಸೇರಿ 1.01, ಒಂದನ್ನ ದಾಟಿತು. ಆ ಕಡೆಯ ಚುಕ್ಕಿ ಮಾಯ. ಅದಕ್ಕೇ ಗ್ರೇಟಿಂಗ್ ನೆಟ್ಟಗಿದೆಯಾ ಅಂತ ನೋಡೋಕೆ ಮೊದಲ ಚುಕ್ಕಿಗಳನ್ನ ನಂಬಬೇಡಿ, ಎರಡನೇ ಚುಕ್ಕಿಗಳು ನಡುವಿನಿಂದ ಎಡಕ್ಕೂ ಬಲಕ್ಕೂ ಸಮ ದೂರದಲ್ಲಿವೆಯಾ ಅಂತ ಅಳೆಯಿರಿ. ನಾವು ಗ್ರೇಟಿಂಗನ್ನ 1 ಮೀಟರ್ ದೂರಕ್ಕೆ ವಾಪಸ್ ಒಯ್ದು, ಹಾಗೆ ಸರಿ ಮಾಡಿಕೊಂಡು, ಮತ್ತೆ ಹತ್ತಿರ ತಂದಾಗ ಎಡಗಡೆಯದೂ ಕಾಣಿಸಿತು.

ಆಮೇಲೆ ಅವಳು ಹೇಳಿದ ಒಂದು ಮಾತು ನನಗೆ ಯಾವ ವೈವಾದಲ್ಲೂ ಹೊಳೆದಿರಲಿಲ್ಲ. "ಹಂಗಾದ್ರೆ ಟೇಪೇ ಬೇಡವಲ್ಲ. ಎರಡೂ ಕಡೆ ಮೂರು ಚುಕ್ಕಿ ಇದೆ ಅಂದ್ರೆ ತರಂಗದೂರ 2000ರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ನಾಲ್ಕನೇದು ಇಲ್ಲ ಅಂದ್ರೆ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ."

ಅಂದರೆ 500 ಮತ್ತು 667ರ ನಡುವೆ. ಬರೀ ಎಣಿಸಿ! ನಾವು ರೆಕಾರ್ಡಿನ ಕೊನೆಗೆ ಬರೆಯೋ ಆ 3 ಲೆಕ್ಕದ ಬಾಲ ಅಲ್ಲ, ಅದೇ ಒಂದು ಅಳತೆ. ಆದರೆ ಆ ಅಳತೆ ನಿಮ್ಮದಾಗಬೇಕು ಅಂದ್ರೆ ಮೂರನೇ ಚುಕ್ಕಿಯನ್ನ ಹುಡುಕಿ ನೋಡಿರಬೇಕು.